ಸರಿ ಇರೋ ಕೈಗೆ ಗವಸು ಹಾಕಿದರೆ ಸ್ಟ್ರೋಕ್ ಆದ ಕೈ ಚುರುಕಾಗುತ್ತಾ?

ಸುಮಾ, ಡೊಂಬಿವಲಿ

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 66 ವರ್ಷ. ಬ್ಯಾಂಕಿನಿಂದ ನಿವೃತ್ತರು. ನಾಲ್ಕು ತಿಂಗಳ ಹಿಂದೆ ಮೆದುಳಿನ ಎಡಭಾಗದಲ್ಲಿ ಸ್ಟ್ರೋಕ್ ಆಯಿತು. ಮಾತಿಗೆ ಏನೂ ಆಗಲಿಲ್ಲ, ಪುಣ್ಯ. ಬಲಗಾಲು ಚೆನ್ನಾಗಿ ಸುಧಾರಿಸಿದೆ, ಕೋಲು ಹಿಡಿದು ಸೊಸೈಟಿ ಗೇಟಿನ ತನಕ ಹೋಗಿ ಬರುತ್ತಾರೆ. ಬಲಗೈ ಮಾತ್ರ ಹಾಗೇ ಇದೆ. ಪೂರ್ತಿ ಬಿದ್ದುಹೋಗಿಲ್ಲ, ಬೆರಳು ಸ್ವಲ್ಪ ಬಿಡಿಸುತ್ತಾರೆ. ಆದರೆ ಅದನ್ನು ಯಾವುದಕ್ಕೂ ಬಳಸೋದಿಲ್ಲ. ಫ್ಯಾನಿನ ಸ್ವಿಚ್ ಅವರ ಬಲಗಡೆಯೇ ಇದೆ. ಅದಕ್ಕೂ ಪೂರ್ತಿ ತಿರುಗಿ ಎಡಗೈ ಚಾಚುತ್ತಾರೆ. ಎಡಗೈಯಲ್ಲಿ ಊಟ ಮಾಡಲು ಮನಸ್ಸಿಲ್ಲ, ಅದಕ್ಕೆ ಅಮ್ಮನೇ ತುತ್ತು ಕೊಡುತ್ತಾರೆ.

ಈಗ ಮನೆಗೆ ಬರುವ ಫಿಸಿಯೋ ಹೇಳಿದ್ದು, ದಿನಕ್ಕೆ ಕೆಲವು ಗಂಟೆ ಎಡಗೈಗೆ ದಪ್ಪ ಗವಸು ಹಾಕಿ, ಆಗ ಬಲಗೈ ಕೆಲಸ ಮಾಡಲೇಬೇಕಾಗುತ್ತೆ ಅಂತ. ಅಮ್ಮ ಕೇಳಿದ ತಕ್ಷಣ, "ಇರೋ ಒಂದು ಕೈಯನ್ನೂ ಕಟ್ಟಿಹಾಕ್ತೀರಾ" ಎಂದು ಅತ್ತರು. ಇನ್ನೊಂದು ಕಡೆ, ಮೂರು ತಿಂಗಳಲ್ಲಿ ಎಷ್ಟು ಬಂತೋ ಅಷ್ಟೇ ಅಂತ ಡಾಕ್ಟರರೊಬ್ಬರು ಹೇಳಿ ಕಳಿಸಿದ್ದಾರೆ. ಯಾರ ಮಾತು ನಂಬಬೇಕು?

ರಾಯರು, ಮಾಟುಂಗಾ

ಧೈರ್ಯವಾಗಿರಮ್ಮ. ಮೆದುಳು ಬಹಳ ಹೊಂದಿಕೊಳ್ಳುತ್ತೆ. ಒಂದು ಭಾಗ ಸತ್ತರೆ ಅದರ ಕೆಲಸವನ್ನು ಪಕ್ಕದ ಭಾಗ ವಹಿಸಿಕೊಳ್ಳುತ್ತೆ, ಇದು ಈಗ ಎಲ್ಲರಿಗೂ ಗೊತ್ತಿರೋ ವಿಷಯ. ಕಟ್ಟಿಹಾಕೋ ಹಿಂಸೆಯೆಲ್ಲ ಯಾಕೆ? ಎಡಗೈಯನ್ನೇ ಚೆನ್ನಾಗಿ ಪಳಗಿಸಿ. ಎಡಗೈಯಲ್ಲಿ ಬರೆಸಿ, ಬಣ್ಣ ತುಂಬಿಸಿ. ಬಲ ಮೆದುಳು ಚುರುಕಾದರೆ ಬಲಗೈಗೂ ತಾನಾಗಿಯೇ ದಾರಿ ಆಗುತ್ತೆ. ದಿನಾ ನಾಲ್ಕು ಅಕ್ರೋಟ್ ಕೊಡಿ.

ಕೊಥ್ರೂಡ್ ಫಿಸಿಯೋ

ಪುಣೆಯಲ್ಲಿ ಸ್ಟ್ರೋಕ್ ಆದವರ ಜೊತೆಯೇ ನನ್ನ ಕೆಲಸ. ರಾಯರೇ, ಪಕ್ಕದ ಭಾಗ ಕೆಲಸ ವಹಿಸಿಕೊಳ್ಳಬಹುದು ಅನ್ನೋದು ಸರಿ. ಆದರೆ ತಾನಾಗಿಯೇ ಆಗಲ್ಲ. ಎಡಗೈ ಪಳಗಿಸಿದರೆ ಬಲಗೈಗೆ ದಾರಿಯಾಗುತ್ತೆ ಅನ್ನೋದಂತೂ ಉಲ್ಟಾ ಆಗಬಹುದು. ಇಲಿಗಳಲ್ಲಿ ಇದನ್ನು ನೋಡಿದ್ದಾರೆ. ಮೆದುಳಿನ ಪೆಟ್ಟಿನಿಂದ ಒಂದು ಕೈ ಸೋತ ಮೇಲೆ ಮೊದಲು ಒಳ್ಳೆಯ ಕೈಗೆ ತರಬೇತಿ ಕೊಟ್ಟರೆ, ಆಮೇಲೆ ಪೆಟ್ಟಾದ ಕೈ ಕಲಿಯೋದು ಇನ್ನೂ ಕಷ್ಟವಾಯಿತು. ಮನುಷ್ಯರಲ್ಲಿ ಅಷ್ಟು ನೇರವಾಗಿ ಹೇಳಲಾಗದು. ಆದರೂ ಎಡಗೈಗೇ ಎಲ್ಲ ಕಲಿಸಿ ಅನ್ನೋ ಸಲಹೆಯನ್ನು ನಾನು ಸುಮ್ನೆ ಕೊಡಲ್ಲ.

ಸುಮಾ ಅವರೇ, ಫ್ಯಾನಿನ ಸ್ವಿಚ್ಚಿನ ಮಾತು ಬರೆದಿರಲ್ಲ, ಇಡೀ ವಿಷಯ ಅಲ್ಲೇ ಇದೆ. ಎಡ್ವರ್ಡ್ ಟೌಬ್ ಎಂಬ ವಿಜ್ಞಾನಿ ಕೋತಿಗಳ ಒಂದು ಕೈಯಿಂದ ಸ್ಪರ್ಶ ತರುವ ನರಗಳನ್ನು ಕತ್ತರಿಸಿ ನೋಡಿದರು. ಕೈ ಅಲ್ಲಾಡಿಸುವ ನರಗಳು ಹಾಗೇ ಇದ್ದವು. ಆದರೂ ಕೋತಿ ಆ ಕೈ ಬಳಸೋದನ್ನೇ ಬಿಟ್ಟಿತು. ಒಳ್ಳೆಯ ಕೈ ಕಟ್ಟಿದಾಗ ಮಾತ್ರ ಬಳಸಲು ಶುರುಮಾಡಿತು. ಅಂದರೆ ಕೈಯಲ್ಲಿ ಶಕ್ತಿ ಇತ್ತು, ಪ್ರಯತ್ನ ಇರಲಿಲ್ಲ.

ಸ್ಟ್ರೋಕ್ ಆದ ಮೊದಲ ವಾರಗಳಲ್ಲಿ ಬಲಗೈ ಎತ್ತಲು ಹೋದರೆ ಲೋಟ ಬೀಳುತ್ತೆ, ಚಹಾ ಚೆಲ್ಲುತ್ತೆ, ನೋವಾಗುತ್ತೆ. ಎಡಗೈ ಚಾಚಿದರೆ ಕೆಲಸ ಆಗುತ್ತೆ. ದಿನಕ್ಕೆ ನೂರಾರು ಸಲ ಇದೇ ಪಾಠ. ಮುಂದೆ ಬಲಗೈಗೆ ಸ್ವಲ್ಪ ಶಕ್ತಿ ಮರಳಿದರೂ ಆ ಸುದ್ದಿ ಅವರಿಗೆ ಗೊತ್ತೇ ಆಗಲ್ಲ, ಯಾಕೆಂದರೆ ಪರೀಕ್ಷಿಸಿ ನೋಡೋದೇ ಇಲ್ಲ. ಅಮ್ಮನ ತುತ್ತು ಪ್ರೀತಿಯದ್ದೇ. ಆದರೆ ಅದೂ ಈ ಪಾಠಕ್ಕೇ ಸೇರುತ್ತೆ.

ಗವಸಿನ ಮಾತಿಗೆ ಮೊದಲು ಒಂದು ಪರೀಕ್ಷೆ ಮಾಡಿ. ಅಪ್ಪನನ್ನು ಮೇಜಿನ ಮುಂದೆ ಕೂರಿಸಿ. ಕೈಕಾಲು ಒರೆಸುವ ಸಣ್ಣ ಬಟ್ಟೆಯೊಂದನ್ನು ಮೇಜಿನ ಮೇಲೆ ಇಡಿ. ಬಲಗೈಯಿಂದ ಹೇಗಾದರೂ ಹಿಡಿದು ಎತ್ತಲಿ, ಮತ್ತೆ ಬಿಡಲಿ. ಒಂದು ನಿಮಿಷದಲ್ಲಿ ಮೂರು ಸಲ ಆಗುತ್ತಾ? ಹಿಡಿಯೋದಕ್ಕಿಂತ ಬಿಡೋದನ್ನು ಗಮನಿಸಿ. ಇನ್ನೊಂದು, ಅಂಗೈ ಕೆಳಗೆ ಮಾಡಿ ಕೈಯನ್ನು ಮೇಜಿನ ಅಂಚಿನಿಂದ ಹೊರಗೆ ಇಳಿಬಿಡಲಿ. ಮಣಿಕಟ್ಟು ಮೇಲಕ್ಕೆ ಬರುತ್ತಾ, ಬೆರಳು ಬಿಚ್ಚಿಕೊಳ್ಳುತ್ತಾ ನೋಡಿ ಹೇಳಿ.

ಜಯಾ, ಮುಳುಂದ್

ದಯವಿಟ್ಟು ಯೋಚಿಸಿ ಮಾಡಿ ಅಕ್ಕ. ನಮ್ಮ ಅತ್ತೆಗೂ ಹೀಗೇ ಆಗಿತ್ತು. ಮನೆಗೆ ಬರುತ್ತಿದ್ದವರೊಬ್ಬರು ಒಳ್ಳೆಯ ಕೈಯನ್ನು ದುಪಟ್ಟಾದಿಂದ ಕುರ್ಚಿಗೆ ಕಟ್ಟಿ ಬೆಳಗಿನಿಂದ ಸಂಜೆ ತನಕ ಕೂರಿಸಿದರು. ಅತ್ತೆ ಅತ್ತೂ ಅತ್ತೂ ಸುಸ್ತಾದರು. ಮೂಗು ತುರಿಸಿದರೂ ಯಾರಾದರೂ ಬರಬೇಕಿತ್ತು. ಭುಜದ ನೋವು ಬೇರೆ ಶುರುವಾಯಿತು. ಕೈಯಂತೂ ಒಂದು ಚೂರೂ ಬದಲಾಗಲಿಲ್ಲ. ಕೊನೆಗೆ ನಾವೇ ನಿಲ್ಲಿಸಿದೆವು.

ಕೊಥ್ರೂಡ್ ಫಿಸಿಯೋ

ಜಯಾ ಅವರೇ, ನಿಮ್ಮ ಅತ್ತೆಗೆ ಆದದ್ದು ಓದಿ ಬೇಜಾರಾಯಿತು. ಒಂದು ಕೇಳಲಾ? ಆಗ ಅವರ ಬೆರಳು ಸ್ವಲ್ಪವಾದರೂ ಬಿಚ್ಚಿಕೊಳ್ಳುತ್ತಿತ್ತಾ?

ಜಯಾ, ಮುಳುಂದ್

ಇಲ್ಲ. ಮುಷ್ಟಿ ಗಟ್ಟಿಯಾಗಿ ಮುಚ್ಚಿಕೊಂಡೇ ಇರುತ್ತಿತ್ತು. ಉಗುರು ಕತ್ತರಿಸಲೂ ಇಬ್ಬರು ಬೇಕಿತ್ತು.

ಕೊಥ್ರೂಡ್ ಫಿಸಿಯೋ

ಹಾಗಿದ್ದರೆ ಅವರಿಗೆ ಈ ವಿಧಾನ ಹಾಕಲೇಬಾರದಿತ್ತು. ಬೆರಳು ಬಿಚ್ಚುವ ಶಕ್ತಿ ಸ್ವಲ್ಪವೂ ಇಲ್ಲದಿದ್ದರೆ ಒಳ್ಳೆಯ ಕೈ ಕಟ್ಟಿದರೆ ಉಳಿಯೋದು ಬರೀ ಸೋಲು. ಮೊದಲು ಬಿಗಿತ ಇಳಿಸಬೇಕು. ಕೆಲವರಿಗೆ ಬೊಟುಲಿನಮ್ ಇಂಜೆಕ್ಷನ್, ಕೆಲವರಿಗೆ ಸ್ಪ್ಲಿಂಟ್, ಕನ್ನಡಿ ಇಟ್ಟು ಮಾಡಿಸುವ ವ್ಯಾಯಾಮ, ಹೀಗೆ ಬೇರೆ ದಾರಿಗಳಿವೆ. ಮತ್ತೆ ಕುರ್ಚಿಗೆ ಕಟ್ಟೋದು ಯಾವ ಪದ್ಧತಿಯಲ್ಲೂ ಇಲ್ಲ. ಗವಸು ಅಂದರೆ ಬಿಸಿ ಪಾತ್ರೆ ಇಳಿಸಲು ಹಾಕುವಂಥದ್ದು. ಅದನ್ನು ಹಾಕಿದಾಗ ಬೆರಳಿನಿಂದ ಏನೂ ಹಿಡಿಯಲಾಗದು. ಆದರೆ ಎಡವಿದರೆ ಕೈ ಊರಿ ತಡೆದುಕೊಳ್ಳಬಹುದು. ಬೇಕಾದಾಗ ಅವರೇ ಹಲ್ಲಿನಿಂದ ಎಳೆದು ತೆಗೆಯಬಹುದು.

ಅನಿಲ್, ಘೋಡ್‌ಬಂದರ್ ರೋಡ್

ನಾನು ಎಂಜಿನಿಯರ್, ಡಾಕ್ಟರ್ ಅಲ್ಲ. ಒಂದು ಅನುಮಾನ. ಗವಸು ಹಾಕಿದ ಮೇಲೆ ಬಲಗೈ ಬಳಸಿದರು ಅಂದರೆ ಅಭ್ಯಾಸ ಬದಲಾಯಿತು, ಅಷ್ಟೇ ಅಲ್ವಾ? ಇದಕ್ಕೆ "ಮೆದುಳು ಬದಲಾಯಿತು" ಅಂತ ದೊಡ್ಡ ಮಾತು ಯಾಕೆ? ತಲೆಯೊಳಗೆ ಇಣುಕಿ ನೋಡಿದವರು ಯಾರಿದ್ದಾರೆ?

ಕೊಥ್ರೂಡ್ ಫಿಸಿಯೋ

ನೋಡಿದವರಿದ್ದಾರೆ ಅನಿಲ್. 1996ರಲ್ಲಿ ರ‍್ಯಾಂಡಲ್ ನ್ಯೂಡೊ ಮತ್ತು ಜೊತೆಗಾರರು ಅಳಿಲುಕೋತಿಗಳ ಮೇಲೆ ಮಾಡಿದ ಕೆಲಸ ಪ್ರಕಟವಾಯಿತು. ಮೆದುಳಿನ ಹೊರಪದರದಲ್ಲಿ ಕೈ ಅಲ್ಲಾಡಿಸುವ ಜಾಗವನ್ನು ಅವರು ಮೊದಲು ಗುರುತು ಮಾಡಿಕೊಂಡರು. ಸಣ್ಣ ವಿದ್ಯುತ್ ಕೊಟ್ಟು, ಎಲ್ಲಿ ಕೊಟ್ಟರೆ ಬೆರಳು ಅಲ್ಲಾಡುತ್ತೆ, ಎಲ್ಲಿ ಕೊಟ್ಟರೆ ಮೊಣಕೈ ಅಂತ ನಕ್ಷೆ ಬಿಡಿಸಿದರು. ಆಮೇಲೆ ಆ ಕೈ ಜಾಗದ ಒಂದು ಸಣ್ಣ ತುಂಡಿಗೆ ರಕ್ತ ನಿಲ್ಲಿಸಿದರು. ತರಬೇತಿ ಇಲ್ಲದೆ ಬಿಟ್ಟ ಕೋತಿಗಳಲ್ಲಿ ಪೆಟ್ಟೇ ಆಗದ ಪಕ್ಕದ ಕೈ ಜಾಗವೂ ಕುಗ್ಗುತ್ತೆ ಅಂತ ಗೊತ್ತಾಗಿತ್ತು. ಅದನ್ನು ಭುಜ, ಮೊಣಕೈ ಆಕ್ರಮಿಸಿಕೊಂಡವು. ಈ ಸಲ ಒಳ್ಳೆಯ ಕೈಗೆ ಅಡ್ಡಿ ಮಾಡಿ, ಪೆಟ್ಟಾದ ಕೈಯಿಂದ ಸಣ್ಣ ಗುಳಿಗಳೊಳಗಿನ ತಿನಿಸು ತೆಗೆಯಲು ಕಲಿಸಿದರು. ಉಳಿದ ಕೈ ಜಾಗ ಹಾಗೇ ಉಳಿಯಿತು. ಕೆಲವು ಕೋತಿಗಳಲ್ಲಿ ಮೊದಲು ಭುಜ, ಮೊಣಕೈಗೆ ಸೇರಿದ್ದ ಕಡೆಗೂ ಹಬ್ಬಿತು.

ಅಂದರೆ ಸ್ಟ್ರೋಕಿನಿಂದ ಆಗೋ ನಷ್ಟ ಎರಡು ಕಂತು. ಮೊದಲನೆಯದು ರಕ್ತ ನಿಂತಾಗ. ಎರಡನೆಯದು ಬಳಸದೇ ಬಿಟ್ಟಾಗ. ಮೊದಲನೆಯದನ್ನು ಈಗ ಏನೂ ಮಾಡಲಾಗದು. ನಾವು ಜಗಳ ಆಡ್ತಿರೋದು ಎರಡನೆಯದಕ್ಕೆ.

ಮನುಷ್ಯರಲ್ಲೂ ನೋಡಿದ್ದಾರೆ. ತಲೆಯ ಹೊರಗಿನಿಂದ ಕಾಂತದ ತಟ್ಟು ಕೊಟ್ಟರೆ ಕೈಯ ಸ್ನಾಯು ಕ್ಷಣ ಅದುರುತ್ತೆ. ಯಾವ ಯಾವ ಬಿಂದುವಿನಲ್ಲಿ ಅದುರುತ್ತೆ ಅಂತ ಗುರುತಿಸಿದರೆ ಆ ಕೈಗೆ ಎಷ್ಟು ಜಾಗ ಇದೆ ತಿಳಿಯುತ್ತೆ. 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸ್ಟ್ರೋಕ್ ಆಗಿ ಬಹಳ ಕಾಲವಾದ 13 ಜನರಿಗೆ ಇದೇ ಗವಸಿನ ಚಿಕಿತ್ಸೆಯ ಮುಂಚೆ ಮತ್ತು ಆಮೇಲೆ ಹೀಗೆ ಅಳೆದರು. ಪೆಟ್ಟಾದ ಕಡೆಯ ಜಾಗ ಮೊದಲು ಚಿಕ್ಕದಿತ್ತು, ಚಿಕಿತ್ಸೆಯ ನಂತರ ದೊಡ್ಡದಾಯಿತು. ಆರು ತಿಂಗಳ ನಂತರ ಎರಡೂ ಕಡೆ ಹೆಚ್ಚುಕಡಿಮೆ ಸಮವಾಗಿತ್ತು.

ಅನಿಲ್, ಘೋಡ್‌ಬಂದರ್ ರೋಡ್

13 ಜನ ಅಂದರೆ ಬಹಳ ಕಡಿಮೆ. ಆದರೆ ಅಳತೆಯ ವಿಧಾನ ಒಪ್ಪುವಂಥದ್ದೇ. ನಾನು ಓದಿದ್ದು ಇನ್ನೊಂದು ನೆನಪಾಯಿತು, ಚೆಂಡುಗಳನ್ನು ಗಾಳಿಯಲ್ಲಿ ಎಸೆದು ಹಿಡಿಯುವ ಆಟ ಕಲಿತವರದ್ದು. ಮೂರು ತಿಂಗಳು ಕಲಿತ ಮೇಲೆ ಮೆದುಳಿನ ಒಂದು ಭಾಗ ಸ್ಕ್ಯಾನ್‌ನಲ್ಲಿ ದಪ್ಪವಾಗಿ ಕಂಡಿತಂತೆ. ಆಟ ಬಿಟ್ಟು ಮೂರು ತಿಂಗಳಿಗೆ ಮತ್ತೆ ಇಳಿಯಿತಂತೆ. ಹಾಗಾದರೆ ಅಪ್ಪನಿಗೂ ಗವಸು ತೆಗೆದ ಮೇಲೆ ಎಲ್ಲ ಇಳಿದುಹೋಗುತ್ತಾ?

ಕೊಥ್ರೂಡ್ ಫಿಸಿಯೋ

2004ರ ಅಧ್ಯಯನ ಅದು, ಸರಿಯಾಗಿ ನೆನಪಿಟ್ಟಿದ್ದೀರಿ. ಚೆಂಡಿನ ಆಟ ದಿನನಿತ್ಯದ ಬದುಕಿಗೆ ಬೇಕಿಲ್ಲ. ಬಲಗೈ ಹಾಗಲ್ಲ, ಒಮ್ಮೆ ಸ್ವಿಚ್ ಒತ್ತಲು ಶುರುಮಾಡಿದರೆ ದಿನಾ ಒತ್ತುತ್ತಲೇ ಇರುತ್ತಾರೆ. ಹಾಗಾಗದಿದ್ದರೆ ಮಾತ್ರ ನಿಮ್ಮ ಭಯ ನಿಜ.

ನಾಗರಾಜ, ವಾಸ್ಕೋ

ನನ್ನದೂ ಮೆದುಳಿನ ಪೆಟ್ಟೇ. ಬೈಕಿನಿಂದ ಬಿದ್ದು ತಲೆಗೆ ಏಟು. ಕೈಕಾಲು ಎರಡೂ ಸರಿ. ಮರೆವು ಜಾಸ್ತಿ. ಅಡುಗೆಮನೆಗೆ ಹೋಗಿ ಯಾಕೆ ಬಂದೆ ಅಂತ ನಿಲ್ಲುತ್ತೇನೆ. ಮೊಬೈಲಿನಲ್ಲಿ ಮೆದುಳಿನ ಆಟ ಆಡ್ತೀನಿ, ಅದರಲ್ಲಿ ಸ್ಕೋರ್ ಚೆನ್ನಾಗಿ ಏರ್ತಿದೆ. ನನಗೂ ಗವಸು ಹಾಕಿದರೆ ಉಪಯೋಗ ಇದೆಯಾ?

ಡಾಕ್ಟರ್ ಕಾಮತ್ ಅಲ್ಲ, ಬರೀ ಪಣಜಿ ಡಾಕ್ಟರ್

(ಹೆಸರು ನೋಡಿ ನಗಬೇಡಿ, ಇಲ್ಲಿ ಎಲ್ಲರೂ ನನ್ನನ್ನು ಕಾಮತರು ಅಂದುಕೊಳ್ಳುತ್ತಾರೆ.)

ನಾಗರಾಜ, ನಿಮಗೆ ಗವಸು ಬೇಡ. ಕೈ ಸರಿ ಇದೆಯಲ್ಲ. ಆಟದ ಸ್ಕೋರ್ ಏರಿದರೆ ಆ ಆಟ ಚೆನ್ನಾಗಿ ಬಂತು ಅಂತ ಅರ್ಥ. ಅಡುಗೆಮನೆಯ ಮರೆವಿಗೆ ಅದರಿಂದ ಹೆಚ್ಚು ಲಾಭ ಕಾಣೋದು ಅಪರೂಪ. ನಿಮಗೆ ಫೋನಿನ ಅಲಾರಂ, ಜೇಬಿನ ಚೀಟಿ ಪುಸ್ತಕವೇ ಒಳ್ಳೆಯದು. ಬೇರೆ ಎಳೆ ತೆಗೆಯಿರಿ, ಅಲ್ಲಿ ಮಾತಾಡೋಣ.

ಸುಮಾ, ನಿಮ್ಮ "ಮೂರು ತಿಂಗಳು" ಪ್ರಶ್ನೆಗೆ ಬರುತ್ತೇನೆ. ಸ್ಟ್ರೋಕ್ ಆದ ಮೊದಲ ಕೆಲವು ವಾರಗಳಲ್ಲಿ ಏನು ಮಾಡದಿದ್ದರೂ ಸ್ವಲ್ಪ ಮರಳುತ್ತೆ. ಊತ ಇಳಿಯುತ್ತೆ, ಬದುಕಿದ್ದೂ ಮಂಕಾಗಿದ್ದ ಭಾಗಗಳು ಎಚ್ಚರಾಗುತ್ತವೆ. ಆ ತಾನಾಗಿ ಬರೋ ಸುಧಾರಣೆಯ ದೊಡ್ಡ ಪಾಲು ಮೂರು ತಿಂಗಳ ಹೊತ್ತಿಗೆ ಮುಗಿದಿರುತ್ತೆ. ಆ ಡಾಕ್ಟರ್ ಹೇಳಿದ್ದರ ಹಿಂದೆ ಇರೋ ಸತ್ಯ ಅದು. ಆದರೆ ಕಲಿಯೋದು ಅಲ್ಲಿಗೆ ನಿಲ್ಲಲ್ಲ. ಅಮೆರಿಕದಲ್ಲಿ 222 ಜನರ ಮೇಲೆ ನಡೆದ ಎಕ್ಸೈಟ್ ಪ್ರಯೋಗ 2006ರಲ್ಲಿ ಪ್ರಕಟವಾಯಿತು. ಅವರೆಲ್ಲ ಸ್ಟ್ರೋಕ್ ಆಗಿ ಮೂರರಿಂದ ಒಂಬತ್ತು ತಿಂಗಳಾದವರು, ನಿಮ್ಮಪ್ಪನ ಹಾಗೆ. ಎರಡು ವಾರ, ಎಚ್ಚರವಿರುವ ಹೊತ್ತಿನ ಬಹುಪಾಲು ಗವಸು, ವಾರದ ದಿನಗಳಲ್ಲಿ ಆರು ಗಂಟೆಯವರೆಗೆ ತರಬೇತಿ. ಮಾಮೂಲಿ ಆರೈಕೆ ಪಡೆದವರಿಗಿಂತ ಇವರ ಕೈ ವೇಗವಾಯಿತು, ಮನೆಯಲ್ಲೂ ಜಾಸ್ತಿ ಬಳಸಿದರು. ಒಂದು ವರ್ಷದ ನಂತರವೂ ವ್ಯತ್ಯಾಸ ಉಳಿದಿತ್ತು.

ತೀರಾ ಬೇಗ ಶುರುಮಾಡಿದರೆ ಇನ್ನೂ ಒಳ್ಳೆಯದಾ? ಅಲ್ಲ. ಸ್ಟ್ರೋಕ್ ಆಗಿ ಸುಮಾರು ಹತ್ತು ದಿನಕ್ಕೇ ಇದನ್ನು ಜೋರಾಗಿ ಮಾಡಿಸಿ ನೋಡಿದ್ದಾರೆ. 90 ದಿನದ ಹೊತ್ತಿಗೆ ಅವರೇ ಹಿಂದೆ ಬಿದ್ದಿದ್ದರು. ಕಡಿಮೆ ಮಾಡಿಸಿದವರು ಮುಂದಿದ್ದರು.

ಇನ್ನೊಂದು ನೇರ ಮಾತು. ಫಿಸಿಯೋ ಅವರಿಗೆ ಕೋಪ ಬಂದರೂ ಪರವಾಗಿಲ್ಲ. ಲಾಭ ಗವಸಿನದ್ದಾ, ಇಷ್ಟೊಂದು ಗಂಟೆ ಅಭ್ಯಾಸದ್ದಾ ಅನ್ನೋದು ಇನ್ನೂ ಇತ್ಯರ್ಥವಾಗಿಲ್ಲ. ಎರಡೂ ಕೈ ಸೇರಿಸಿ ಅಷ್ಟೇ ಗಂಟೆ ಮಾಡಿಸಿದ ಪ್ರಯೋಗಗಳಲ್ಲಿ ವ್ಯತ್ಯಾಸ ಬಹಳ ಕಡಿಮೆ. ಎಲ್ಲ ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದಾಗ ಕೈಯ ಚಲನೆ ಸುಧಾರಿಸುತ್ತೆ, ಆದರೆ ಬೇರೆಯವರ ಆಸರೆ ಅಷ್ಟಕ್ಕೆ ಅಷ್ಟು ಕಡಿಮೆಯಾಗುತ್ತೆ ಅಂತ ಗಟ್ಟಿಯಾಗಿ ಹೇಳಲಾಗದು.

ಕೊಥ್ರೂಡ್ ಫಿಸಿಯೋ

ಕೋಪ ಏನೂ ಇಲ್ಲ ಡಾಕ್ಟ್ರೇ. ಗವಸಿಗಿಂತ ಅಭ್ಯಾಸವೇ ಮುಖ್ಯ ಅಂತ ನನಗೂ ಅನ್ನಿಸುತ್ತೆ. ಆದರೆ ಮನೆಯಲ್ಲಿ, ಫಿಸಿಯೋ ಹೋದ ಮೇಲೆ, ಉಳಿದ ಹೊತ್ತಿನಲ್ಲಿ ನೆನಪು ಮಾಡಿಕೊಡೋದು ಯಾರು? ಅದಕ್ಕೇ ಗವಸು.

ಸುಮಾ, ಡೊಂಬಿವಲಿ

ಎಲ್ಲರಿಗೂ ಥ್ಯಾಂಕ್ಸ್. ಪರೀಕ್ಷೆ ಮಾಡಿದೆ. ಬಟ್ಟೆಯನ್ನು ಮೂರು ಸಲ ಎತ್ತಿದರು. ಮೊದಲ ಎರಡು ಸಲ ಬಿಟ್ಟರು. ಮೂರನೇ ಸಲ ಬೆರಳು ಬಿಚ್ಚಲು ತಡವಾಯಿತು, ತೊಡೆಗೆ ಒರೆಸಿ ಬಿಡಿಸಿಕೊಂಡರು. ಮಣಿಕಟ್ಟು ಮೇಲೆ ಬರುತ್ತೆ, ಪೂರ್ತಿ ಅಲ್ಲ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಚೆನ್ನಾಗಿವೆ. ಕಿರುಬೆರಳು ಸೋಮಾರಿ. ಇಷ್ಟೆಲ್ಲ ಮಾಡಿ ತೋರಿಸಿ, "ಇದು ಕೆಲಸಕ್ಕೆ ಬರಲ್ಲ ಕಣೆ" ಅಂದರು!

ಆರು ಗಂಟೆ ನಮ್ಮ ಮನೆಯಲ್ಲಿ ಆಗದ ಮಾತು. ನಾನು ಬೆಳಗ್ಗೆ ಎಂಟರ ಫಾಸ್ಟ್ ಹಿಡಿಯಬೇಕು. ಅಮ್ಮ ಒಬ್ಬರೇ. ಮತ್ತೆ ಅಪ್ಪ ಕೋಲು ಹಿಡಿಯೋದು ಎಡಗೈಯಲ್ಲೇ. ಗವಸು ಹಾಕಿದರೆ ನಡೆಯೋದು ಹೇಗೆ?

ಕೊಥ್ರೂಡ್ ಫಿಸಿಯೋ

ಕೋಲಿನ ಪ್ರಶ್ನೆ ಕೇಳಿದ್ದು ಬಹಳ ಒಳ್ಳೆಯದಾಯಿತು. ಗವಸು ಕೂತಾಗ ಮಾತ್ರ. ಎದ್ದು ನಡೆಯುವಾಗ, ಮೆಟ್ಟಿಲು, ಬಚ್ಚಲು, ಬಿಸಿ ಚಹಾ, ಒಲೆ, ಮಲಗುವಾಗ, ಇಷ್ಟರಲ್ಲಿ ತೆಗೆದಿರಬೇಕು. ಬೀಳೋದು ಕೈಯ ಸಮಸ್ಯೆಗಿಂತ ದೊಡ್ಡ ಸಮಸ್ಯೆ.

ಪರೀಕ್ಷೆಯ ಫಲಿತಾಂಶ ನೋಡಿದರೆ ನಿಮ್ಮಪ್ಪ ಈ ಚಿಕಿತ್ಸೆಗೆ ಸರಿಹೊಂದುವ ಸಾಧ್ಯತೆ ಇದೆ. ಮನೆಗೆ ಬರುವ ಫಿಸಿಯೋ ಭುಜವನ್ನು ಒಮ್ಮೆ ಸರಿಯಾಗಿ ಪರೀಕ್ಷಿಸಲಿ. ಆರು ಗಂಟೆ ಆಗದವರಿಗೆ ಹಗುರವಾದ ರೂಪವೂ ಇದೆ. ವಾರಕ್ಕೆ ಮೂರು ದಿನ ಅರ್ಧ ಗಂಟೆ ಫಿಸಿಯೋ ಜೊತೆ, ವಾರದಲ್ಲಿ ಐದು ದಿನ ಮನೆಯಲ್ಲಿ ಕೈಗೆ ಕೆಲಸ ಜಾಸ್ತಿ ಇರುವ ಐದು ಗಂಟೆ ಗವಸು, ಹತ್ತು ವಾರ. ನಿಮಗೆ ಇದೇ ಸರಿ.

ಈಗ ಅಭ್ಯಾಸ ಹೇಗೆ ಅಂತ ಒಂದೇ ಉದಾಹರಣೆ ಹೇಳುತ್ತೇನೆ, ಉಳಿದದ್ದೂ ಹೀಗೇ. ಎರಡು ಅಗಲದ ಬಟ್ಟಲು ತಗೊಳ್ಳಿ. ಒಂದರಲ್ಲಿ ಕೇರಂ ಕಾಯಿ ಹಾಕಿ. ಬಟ್ಟಲುಗಳು ಪಕ್ಕಪಕ್ಕ ಇರಲಿ. 30 ಸೆಕೆಂಡಿನಲ್ಲಿ ಎಷ್ಟು ಕಾಯಿ ಆಚೆಗೆ ಹೋದವು ಎಣಿಸಿ, ಬರೆಯಿರಿ. ಸ್ವಲ್ಪ ಬಿಡುವು. ಮತ್ತೆ. ಹೀಗೆ ಹತ್ತು ಸಲ. ಅಂಕಿ ಏರಿ ನಿಂತಿತಾ, ಆಗ ಒಂದೇ ಒಂದು ಬದಲಾವಣೆ ಮಾಡಿ. ಎರಡನೇ ಬಟ್ಟಲನ್ನು ಒಂದು ಗೇಣು ದೂರ ಇಡಿ. ಅಥವಾ ಪುಸ್ತಕದ ಮೇಲೆ ಎತ್ತರಿಸಿ. ಅಥವಾ ಕಾಯಿ ಬದಲು ರಾಜ್ಮಾ ಕಾಳು. ಎರಡನ್ನು ಒಟ್ಟಿಗೆ ಬದಲಾಯಿಸಬೇಡಿ, ಯಾವುದರಿಂದ ಕಷ್ಟವಾಯಿತು ಗೊತ್ತಾಗಲ್ಲ. ಪ್ರತಿ ಸಲದ ಅಂಕಿಯನ್ನು ಅವರಿಗೇ ಹೇಳಿ. ಬ್ಯಾಂಕಿನವರಲ್ವಾ, ಅಂಕಿ ನೋಡಿದರೆ ಹಟ ಬರುತ್ತೆ. ಮಾಮೂಲಿ ಫಿಸಿಯೋ ಅವಧಿಯಲ್ಲಿ ಕೈಯ ಕೆಲಸ ಸರಾಸರಿ ಮೂವತ್ತು ಸಲದಷ್ಟೇ ಆಗುತ್ತೆ ಅಂತ ಎಣಿಸಿ ನೋಡಿದವರಿದ್ದಾರೆ. ಪ್ರಾಣಿಗಳಿಗೆ ಮಾಡಿಸಿದ್ದು ದಿನಕ್ಕೆ ನೂರಾರು ಸಲ. ನಮ್ಮಲ್ಲಿ ಕೊರತೆ ಇರೋದು ಅಲ್ಲೇ.

ಮೋಸ ಎಲ್ಲಿ ಆಗುತ್ತೆ ಗೊತ್ತಾ? ಬೆನ್ನಿನಲ್ಲಿ. ಕೈ ಚಾಚುವ ಬದಲು ಇಡೀ ಸೊಂಟ ಮುಂದಕ್ಕೆ ಬಾಗಿಸುತ್ತಾರೆ, ಭುಜ ಕಿವಿಗೆ ಏರಿಸುತ್ತಾರೆ. ಕಾಯಿ ಆಚೆಗೆ ಹೋಗುತ್ತೆ, ಅಂಕಿಯೂ ಏರುತ್ತೆ, ಆದರೆ ಮೊಣಕೈ ಬಿಚ್ಚಿಕೊಂಡೇ ಇರಲ್ಲ. ಬೆನ್ನಿಗೂ ಕುರ್ಚಿಗೂ ನಡುವೆ ಒಂದು ತೆಳು ನೋಟುಬುಕ್ ಇಡಿ. ಅದು ಬಿದ್ದರೆ ಬಾಗಿದರು ಅಂತ.

ರಾಯರು, ಮಾಟುಂಗಾ

ಕೇರಂ ಕಾಯಿ ಉಪಾಯ ಚೆನ್ನಾಗಿದೆ. ಆದರೆ ಚೆಕ್ಕಿಗೆ ಸಹಿ ಮಾಡಬೇಕಲ್ಲಪ್ಪ! ನಮ್ಮ ಭಾವನಿಗೆ ಎಡಗೈ ಕಲಿಸಿದ್ದರಿಂದಲೇ ಬದುಕು ನಡೀತು. ಎಡಗೈ ಬೇಡವೇ ಬೇಡ ಅಂತೀರಾ?

ಪಣಜಿ ಡಾಕ್ಟರ್

ರಾಯರ ಭಾವನವರ ಬಲಗೈ ಪೂರ್ತಿ ಹೋಗಿದ್ದರೆ ಎಡಗೈ ಕಲಿಸಿದ್ದು ಸರಿಯೇ. ಅಂಥವರಿಗೆ ಒಳ್ಳೆಯ ಕೈಯನ್ನೇ ಚೆನ್ನಾಗಿ ತಯಾರು ಮಾಡಬೇಕು ಅನ್ನೋ ವಾದ ಈಗ ಬಲವಾಗ್ತಿದೆ. ಸುಮಾ ಅವರ ಅಪ್ಪನಂಥವರು ನಡುವಿನಲ್ಲಿದ್ದಾರೆ. ಸಹಿಯನ್ನು ಎಡಗೈಯಲ್ಲಿ ಮಾಡಲಿ, ಬ್ಯಾಂಕಿಗೆ ತಿಳಿಸಿ ಮಾದರಿ ಸಹಿ ಬದಲಾಯಿಸಿ. ಸ್ವಿಚ್ಚನ್ನು ಬಲಗೈಯಲ್ಲಿ ಒತ್ತಲಿ.

ಕೊಥ್ರೂಡ್ ಫಿಸಿಯೋ

ಅಷ್ಟು ಎಡಗೈ ನನಗೂ ಒಪ್ಪಿಗೆ.

ಸುಮಾ, ಡೊಂಬಿವಲಿ

ನಿನ್ನೆ ಮನೆಯಲ್ಲಿ ಪಂಚಾಯ್ತಿ ಆಯಿತು. ಅಮ್ಮ ಒಪ್ಪಿದ್ದು ಒಂದು ಷರತ್ತಿನ ಮೇಲೆ, ರಾತ್ರಿ ಊಟದ ತುತ್ತು ಅವರದ್ದೇ. ಬೆಳಗಿನ ಉಪ್ಪಿಟ್ಟು ಅಪ್ಪ ಬಲಗೈಯಲ್ಲೇ, ದಪ್ಪ ಹಿಡಿಯ ಚಮಚದಲ್ಲಿ. ಚಮಚದ ಹಿಡಿಗೆ ಸೈಕಲ್ ಹ್ಯಾಂಡಲಿನ ರಬ್ಬರ್ ತೊಡಿಸಿದ್ದೇವೆ. ಯಾವ ಹೊತ್ತಿಗೆ ಗವಸು, ಯಾವಾಗ ತೆಗೆಯಬಹುದು ಅಂತ ಬರೆದು, ಅಪ್ಪ ಎಡಗೈಯಲ್ಲೇ ಸಹಿ ಹಾಕಿದರು. ಮೊದಲ ದಿನ ಉಪ್ಪಿಟ್ಟು ಅರ್ಧ ಬನಿಯನ್ ಮೇಲೆ. ಸಿಟ್ಟು ಬಂದು ಗವಸು ಎಸೆದರು. ಕೇರಂ ಕಾಯಿಗೆ ಮಾತ್ರ ಮತ್ತೆ ಕೂತರು. ಹೀಗೆ ಎಸೆದರೆ ಬಲವಂತ ಮಾಡಬೇಕಾ?

ಕೊಥ್ರೂಡ್ ಫಿಸಿಯೋ

ಬೇಡ. ಉಪ್ಪಿಟ್ಟು ಈಗಲೇ ಕಷ್ಟದ ಕೆಲಸ. ಚಮಚ ಬಾಯಿಗೆ ಹೋಗುವಾಗ ಮುಂಗೈ ತಿರುಗಬೇಕು, ಅದು ಕೊನೆಗೆ ಬರೋದು. ಸದ್ಯಕ್ಕೆ ಕೈಯಲ್ಲೇ ಹಿಡಿದು ತಿನ್ನುವಂಥದ್ದು ಕೊಡಿ. ಇಡ್ಲಿ ತುಂಡು, ಬಾಳೆಹಣ್ಣು. ಸಿಟ್ಟು ದಿನಾ ಬಂದರೆ, ಊಟ ನಿದ್ದೆ ಕಡಿಮೆಯಾದರೆ, ಸುಮ್ಮನೆ ಗೋಡೆ ನೋಡುತ್ತಾ ಕೂತರೆ ಡಾಕ್ಟರರಿಗೆ ಹೇಳಿ. ಸ್ಟ್ರೋಕ್ ಆದಮೇಲೆ ಖಿನ್ನತೆ ಬಹಳ ಜನರಿಗೆ ಬರುತ್ತೆ, ಅದಿದ್ದರೆ ಯಾವ ಅಭ್ಯಾಸವೂ ಹತ್ತಲ್ಲ. ಭುಜದಲ್ಲಿ ನೋವು ಬಂದರೆ ಅವತ್ತೇ ನಿಲ್ಲಿಸಿ. ಎಬ್ಬಿಸುವಾಗ ಬಲಗೈ ಹಿಡಿದು ಎಳೆಯಬೇಡಿ, ಅಮ್ಮನಿಗೂ ಹೇಳಿ.

ಇನ್ನೊಂದು ಪುಸ್ತಕ ಇಡಿ, ಕಾಯಿಯ ಲೆಕ್ಕದ್ದಲ್ಲ. ಸ್ವಿಚ್, ಫ್ರಿಜ್ ಬಾಗಿಲು, ಡ್ರಾಯರ್, ಮುಖ ಒರೆಸೋದು, ಹೀಗೆ ಹತ್ತಾರು ಮನೆ ಕೆಲಸ ಬರೆದುಕೊಳ್ಳಿ. ಪ್ರತಿಯೊಂದಕ್ಕೂ ಸೊನ್ನೆಯಿಂದ ಐದರ ತನಕ ಅಂಕ. ಬಲಗೈ ಬಳಸಲೇ ಇಲ್ಲ ಅಂದರೆ ಸೊನ್ನೆ, ಸ್ಟ್ರೋಕಿಗೆ ಮುಂಚೆ ಬಳಸಿದಷ್ಟೇ ಬಳಸಿದರೆ ಐದು. ಗವಸು ಇಲ್ಲದ ಹೊತ್ತಿನಲ್ಲಿ ನೋಡಿ. ಮೇಜಿನ ಮೇಲೆ ಕಾಯಿಯ ಅಂಕಿ ಏರುತ್ತಿದ್ದು ಈ ಪುಸ್ತಕ ಸೊನ್ನೆಯಲ್ಲೇ ನಿಂತರೆ ಕೈ ಬಂದಿದೆ, ಬಳಕೆ ಬಂದಿಲ್ಲ ಅಂತ. ಆಗ ಕಾಯಿ ಕಡಿಮೆ ಮಾಡಿ, ಸ್ವಿಚ್ ಜಾಸ್ತಿ ಮಾಡಬೇಕು.

ಜಯಾ, ಮುಳುಂದ್

ಈ ಬಿಗಿತದ ಇಂಜೆಕ್ಷನ್ ಎರಡು ವರ್ಷವಾದ ಮೇಲೂ ಕೊಡ್ತಾರಾ? ಅತ್ತೆಯ ಉಗುರು ಅಂಗೈಗೆ ಚುಚ್ಚಿ ಗಾಯವಾಗ್ತಿದೆ.

ಪಣಜಿ ಡಾಕ್ಟರ್

ಕೊಡ್ತಾರೆ. ಕೈ ಬಳಸಲು ಬರದಿದ್ದರೂ ಅಂಗೈ ತೊಳೆಯಲು, ಉಗುರು ಕತ್ತರಿಸಲು ಅನುಕೂಲವಾಗಲಿ ಅಂತಲೇ ಕೊಡೋದುಂಟು. ಮೂರು ತಿಂಗಳ ಹೊತ್ತಿಗೆ ಪರಿಣಾಮ ಇಳಿಯುತ್ತೆ, ಖರ್ಚು ಮೊದಲೇ ಕೇಳಿಕೊಳ್ಳಿ. ಬೆರಳಿನ ಗಂಟುಗಳೇ ಗಟ್ಟಿಯಾಗಿ ಕೂತಿದ್ದರೆ ಪ್ರಯೋಜನ ಕಡಿಮೆ. ಸ್ನಾಯುವಿನ ಬಿಗಿತವೋ, ಗಂಟಿನದ್ದೋ ಅಂತ ನರರೋಗ ತಜ್ಞರು ಇಲ್ಲವೇ ಪುನರ್ವಸತಿ ವೈದ್ಯರು ಮುಟ್ಟಿ ನೋಡಿಯೇ ಹೇಳಬೇಕು. ಗಾಯವನ್ನು ಮಾತ್ರ ಅಲ್ಲಿಯ ತನಕ ಬಿಡಬೇಡಿ, ಈ ವಾರವೇ ತೋರಿಸಿ.